ಹೆಸರಿಲ್ಲದ ಅಳತೆಗಳು

“ನಿಮ್ಮ ಮೆಸೇಜ್ ಓದಿ ಬ್ಯಾಂಕಿನ ಮ್ಯಾನೇಜರು ಬೆಳಗ್ಗೆಯಿಂದ ಎರಡು ಸಲ ಬಂದು ಹೋದರು, ಟೇಪಕ್ಕ. ‘ಈಚೆಗೆ ಮೈ ಏನಾದ್ರೂ ಬಂದಿದೆಯಾ ಮರಿ?’ ಅಂತ ಕೇಳಿದೀರಂತೆ. ಅವರಿಗೆ ಮೈ ಬಂದಿದೆ ಅಂದಿದ್ದಕ್ಕಿಂತ ಮರಿ ಅಂದಿದ್ದು ಜಾಸ್ತಿ ನಾಟಿದೆ. ನಿಮ್ಮ ಫೋನನ್ನ ಯಾರಾದ್ರೂ ಕಳ್ಳರು ಹಿಡಿದಿದಾರಾ ಅಂತ ನನ್ನ ಹತ್ರ ವಿಚಾರಿಸ್ತಿದ್ರು.”

ಫೋನ್ ರಿಪೇರಿಯವನು ಇಷ್ಟನ್ನೂ ತಲೆಯೆತ್ತದೆ ಹೇಳಿದ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾರದೋ ಫೋನಿನ ಹೊಟ್ಟೆ ಬಿಚ್ಚಿ, ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕುತ್ತಿದ್ದ. ಅವನ ಅಂಗಡಿ ಎಂದರೆ ಒಂದು ಮೇಜು, ಒಂದು ದೀಪ, ಎರಡು ಸ್ಟೂಲು, ಗೋಡೆಯ ತುಂಬ ಕವರುಗಳು. ಎದುರು ಸಾಲಿನಲ್ಲೇ ಟೇಪಕ್ಕನ ಹೊಲಿಗೆ ಅಂಗಡಿ. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುವುದರಿಂದ ಬೀದಿಯವರೆಲ್ಲ ಕೂಡಿ ಇಟ್ಟ ಹೆಸರು ಅದು. ಅದಕ್ಕೆ ಆಕೆಯ ಆಕ್ಷೇಪಣೆ ಏನೂ ಇರಲಿಲ್ಲ. ತಾನೂ ಬೀದಿಯವರಿಗೆಲ್ಲ ಒಂದೊಂದು ಹೆಸರಿಟ್ಟಿದ್ದಾಳೆ ಎಂಬುದು ಬೀದಿಗೆ ಗೊತ್ತಿಲ್ಲವಾದ್ದರಿಂದ ಲೆಕ್ಕ ಸಮ ಎಂದೇ ಆಕೆ ಅಂದುಕೊಂಡಿದ್ದಳು.

“ಹಾಗಾದ್ರೆ ಅದು ಮ್ಯಾನೇಜರ ನಂಬರಾ,” ಎಂದು ಟೇಪಕ್ಕ ಸ್ಟೂಲಿನ ಮೇಲೆ ಕುಸಿದಳು. “ಒಂದು ಗೊತ್ತಾಯ್ತಲ್ಲ, ಸದ್ಯ. ಇನ್ನೂ ನೂರರ ಮೇಲೆ ಉಳಿದಿವೆ.”

ಒಂದು ಕೈಯಲ್ಲಿ ಹೊಚ್ಚ ಹೊಸ ಫೋನು, ಇನ್ನೊಂದು ಕೈಯಲ್ಲಿ ಮಡಿಸಿದ ಕರಿಯ ಕೋಟು. ಎರಡನ್ನೂ ಮೇಜಿನ ಮೇಲಿಟ್ಟಳು. ಕೋಟನ್ನು ಮಾತ್ರ ಮತ್ತೆ ಎತ್ತಿ, ಮೇಜನ್ನು ಸೆರಗಿನಲ್ಲಿ ಒರೆಸಿ, ಆಮೇಲೆ ಇಟ್ಟಳು.

“ಏನಾಯ್ತು ಅಂತ ಮೊದಲಿಂದ ಹೇಳಿ.”

“ಹಳೇ ಫೋನು ಇಸ್ತ್ರಿ ಮೇಜಿಂದ ಬಿತ್ತು. ಬಿದ್ದಿದ್ದು ಸಾಲದು ಅಂತ ನಾನು ಕುರ್ಚಿ ಹಿಂದಕ್ಕೆ ಎಳೆದೆ. ಚಕ್ರ ಅದರ ಮೇಲೇ ಹತ್ತಿತು. ಮುಖ ಕಾಣುತ್ತೆ, ಒತ್ತಿದ್ರೆ ಉಸಿರಿಲ್ಲ. ನಿನ್ನೆ ದೊಡ್ಡ ಅಂಗಡಿಗೆ ಹೋಗಿ ಇದನ್ನ ತಂದೆ. ಅಲ್ಲಿನ ಹುಡುಗಿ ಏನೋ ಒತ್ತಿದಳು, ಚಾಟೆಲ್ಲ ಬಂತು. ಆರು ವರ್ಷದ್ದು, ಒಂದು ಅಕ್ಷರ ಬಿಡದೆ. ‘ನೋಡಿ ಮೇಡಂ, ಎಲ್ಲ ಬಂತು’ ಅಂದಳು. ಮನೆಗೆ ಬಂದು ತೆಗೆದು ನೋಡಿದ್ರೆ ಒಬ್ಬರ ಹೆಸರೂ ಇಲ್ಲ. ಬರೀ ನಂಬರು. ಜೈಲಲ್ಲಿ ಕೈದಿಗಳನ್ನ ಸಾಲಾಗಿ ನಿಲ್ಲಿಸಿದ ಹಾಗೆ.”

“ಅದಕ್ಕೆ ಸಿಕ್ಕಿದವರಿಗೆಲ್ಲ ಮೈ ಬಂದಿದೆಯಾ ಅಂತ ಕೇಳ್ತಾ ಕೂತಿರಿ.”

“ನಗಬೇಡಿ. ಒಬ್ಬಳು ಹುಡುಗಿಯನ್ನ ಹುಡುಕ್ತಿದೀನಿ, ಯಾವ ನಂಬರಿಂದಾದ್ರೂ ಅವಳು ಉತ್ತರ ಕೊಡ್ತಾಳಾ ಅಂತ. ನಾಳೆ ಬೆಳಗ್ಗೆ ಎಂಟಕ್ಕೆ ಈ ಕೋಟು ಕೊಡಬೇಕು.”

ಕೋಟಿನ ಕತೆ ಹೀಗೆ. ಕಾನೂನು ಓದಿ ಮುಗಿಸಿದ ಒಬ್ಬಳು ಹುಡುಗಿ ನಾಳೆ ಹತ್ತು ಗಂಟೆಗೆ ವಕೀಲೆಯಾಗಿ ಪ್ರಮಾಣ ತೆಗೆದುಕೊಳ್ಳುವವಳಿದ್ದಳು. ಕೋಟು ಅವಳ ಅಪ್ಪನದು. ಮೂವತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದದ್ದು. ಅಪ್ಪನಿಗೆ ಈಗ ಮೊಣಕಾಲು ನೋವು, ಕೆಲಸ ಬಿಟ್ಟಿದ್ದಾರೆ. ಅದನ್ನೇ ಬಿಚ್ಚಿ, ಕತ್ತರಿಸಿ, ತನ್ನ ಮೈಗೆ ಕೂರಿಸಿಕೊಡಬೇಕೆಂದು ಹುಡುಗಿಯ ಆಸೆ. ಮೊನ್ನೆ ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಓಡುತ್ತ ಬಂದವಳು, ಕೋಟನ್ನು ಬಾಗಿಲಿಂದಲೇ ಕೊಟ್ಟು, “ಅದೇ ಅಳತೆ ಅಕ್ಕ, ಶರ್ಟು ಹೊಲಿದಿರಲ್ಲ, ಅದೇ” ಎಂದು ಹೇಳಿ ಹಾಗೇ ಓಡಿದ್ದಳು. ಊರಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ರೈಲಿನಲ್ಲಿ ಬರುತ್ತಾಳೆ. ಬಂದು ಇಳಿಯುವುದು ನಾಳೆ ಬೆಳಗ್ಗೆಯೇ.

ಶರ್ಟು ಹೊಲಿದು ಎಂಟು ತಿಂಗಳು. ಟೇಪಕ್ಕನದು ಒಂದು ಪದ್ಧತಿ ಇತ್ತು. ಅಳತೆ ತೆಗೆದ ಕೂಡಲೆ ಅದನ್ನು ಆ ಗಿರಾಕಿಯ ಚಾಟಿಗೇ ಕಳಿಸುವಳು: ಭುಜ, ಎದೆ, ಸೊಂಟ, ತೋಳು, ಬರೀ ಅಂಕಿಗಳು, ಒಂದರ ಕೆಳಗೊಂದು. ಗಿರಾಕಿ ಹೆಬ್ಬೆರಳು ತೋರಿಸಿದರೆ ಮುಗಿಯಿತು. ನಾಳೆ ಜಗಳ ಬಂದರೆ ಇಬ್ಬರ ಹತ್ತಿರವೂ ಸಾಕ್ಷಿ ಇರುತ್ತದೆ. ಹಿಂದೆ ಬರೆದಿಡುತ್ತಿದ್ದ ಅಳತೆ ಪುಸ್ತಕವನ್ನು ಆರು ವರ್ಷದ ಹಿಂದೆ ಹಳೇ ಪೇಪರಿನವನಿಗೆ ಹಾಕಿದ್ದಳು. ಆ ವಿಷಯವನ್ನು ಸುಮಾರು ಜನಕ್ಕೆ ಹೆಮ್ಮೆಯಿಂದ ಹೇಳಿಯೂ ಇದ್ದಳು. ಈಗ ಆ ನೂರಾ ನಲವತ್ತೊಂದು ಚಾಟುಗಳಲ್ಲಿ ಹೆಚ್ಚಿನವು ಒಂದೇ ಥರ: ಅಂಕಿಗಳು, ಹೆಬ್ಬೆರಳು; ಅಂಕಿಗಳು, ಹೆಬ್ಬೆರಳು. ಪಕ್ಕದ ಫೋಟೋಗಳಲ್ಲಿ ಗುಲಾಬಿ ಹೂ, ಸೂರ್ಯಾಸ್ತ, ಯಾರದೋ ಮೊಮ್ಮಗು.

“ಒಬ್ಬೊಬ್ಬರಿಗೂ ಫೋನ್ ಮಾಡಿ, ನೀವು ಯಾರು ಅಂತ ಕೇಳಿದ್ರೆ?” ಎಂದ ರಿಪೇರಿಯವನು.

“ಹನ್ನೊಂದು ಜನಕ್ಕೆ ಮಾಡಿದೆ. ಹನ್ನೆರಡು ವರ್ಷದಿಂದ ನನ್ನ ಹತ್ರಾನೇ ಹೊಲಿಸೋರು. ಯಾರು ನೀವು ಅಂದ್ರೆ ‘ಓಹೋ, ನಾವು ಈಗ ಯಾರೋ ಆಗ್ಬಿಟ್ವಾ’ ಅಂತ ಶುರು ಮಾಡ್ತಾರೆ. ಆಮೇಲೆ ಅರ್ಧ ಗಂಟೆ ಸಮಾಧಾನ. ಒಬ್ಬರಿಗಂತೂ ಕಳೆದ ವರ್ಷದ ಪ್ಯಾಂಟಿನ ಜಿಪ್ಪು ನೆನಪಿಗೆ ಬಂತು.”

“ಕಣ್ಣಳತೆಯಲ್ಲೇ ಹೊಲಿದುಬಿಡಿ. ರಸ್ತೆಯಲ್ಲಿ ಹೋಗೋರ ಸೊಂಟ ಇಂಚು ಬಿಡದೆ ಹೇಳ್ತೀರಲ್ಲ.”

“ಹೊಸ ಬಟ್ಟೆ ಆಗಿದ್ರೆ ಹೊಲೀತಿದ್ದೆ. ಹೆಚ್ಚುಕಮ್ಮಿ ಆದ್ರೆ ಇನ್ನೊಂದು ಮೀಟರ್ ತಂದರಾಯ್ತು. ಇದಕ್ಕೆ ಇನ್ನೊಂದು ಮೀಟರ್ ಎಲ್ಲಿಂದ ತರ್ಲಿ? ಮೂವತ್ತು ವರ್ಷ ಹಿಂದಕ್ಕೆ ಹೋಗಿ ತರ್ಬೇಕು. ಒಂದು ಸಲ ಕತ್ತರಿ ಹಾಕಿದೆ ಅಂದ್ರೆ ಹಾಕಿದ ಹಾಗೇ.” ಗೋಡೆಯ ಗಡಿಯಾರ ನೋಡಿದಳು. ಹನ್ನೆರಡೂ ಹತ್ತು. “ಬಿಚ್ಚಿ, ಕತ್ತರಿಸಿ, ಒಳಗಿನ ಅಸ್ತರಿ ಕೂರಿಸಿ, ಇಸ್ತ್ರಿ ಮಾಡೋಕೆ ಏಳು ಗಂಟೆ ಬೇಕು ನನಗೆ. ರಾತ್ರಿ ಒಂಬತ್ತರ ಮೇಲೆ ಕರೀ ಬಟ್ಟೆ ಮೇಲೆ ಕರೀ ನೂಲು ನನ್ನ ಕಣ್ಣಿಗೆ ಕಾಣಲ್ಲ. ಎರಡು ಗಂಟೆ ಒಳಗೆ ಅಳತೆ ಸಿಗದೆ ಇದ್ರೆ ನಾನು ಊರು ಬಿಡ್ಬೇಕು.”

ರಿಪೇರಿಯವನು ಭೂತಗನ್ನಡಿಯನ್ನು ಹಣೆಗೆ ಏರಿಸಿದ. ಅವನು ಹಾಗೆ ಮಾಡಿದನೆಂದರೆ ಬೇರೆ ಕೆಲಸ ನಿಂತಿತು ಎಂದೇ ಅರ್ಥ. ಹೊಸ ಫೋನನ್ನು ಕೈಗೆ ತೆಗೆದುಕೊಂಡು ಸೆಟ್ಟಿಂಗಿನ ಒಳಗೆ ಹೊಕ್ಕ.

“ಚಾಟಿನ ಆ್ಯಪು ಮೊದಲನೇ ಸಲ ತೆಗೆದಾಗ ಏನೋ ಕೇಳ್ತಲ್ಲ, ನಿಮ್ಮ ಕಾಂಟ್ಯಾಕ್ಟ್ ನೋಡ್ಲಾ ಅಂತ. ಏನು ಒತ್ತಿದ್ರಿ?”

“ಬೇಡ ಅಂತ.”

“ಯಾಕೆ?”

“ಅದು ಕೇಳಿದ ಎಲ್ಲದಕ್ಕೂ ಬೇಡ ಅಂತಾನೇ ಒತ್ತಿದೆ. ಅಪರಿಚಿತರು ಮನೆ ಒಳಗೆ ಬರ್ಲಾ ಅಂದ್ರೆ ಬನ್ನಿ ಅಂತೀವಾ?”

“ಸರಿ. ಆದ್ರೆ ಚಾಟಿನ ಒಳಗೆ ಇರೋದು ಮಾತು ಮತ್ತೆ ನಂಬರು, ಅಷ್ಟೇ. ಹೆಸರು ಇರೋದು ಫೋನಿನ ಕಾಂಟ್ಯಾಕ್ಟ್ ಪಟ್ಟಿಯಲ್ಲಿ. ಚಾಟು ಅಲ್ಲಿ ಇಣುಕಿ ನೋಡಿ, ಈ ನಂಬರಿಗೆ ಈ ಹೆಸರು ಅಂತ ನಮಗೆ ತೋರಿಸುತ್ತೆ. ನೀವು ಇಣುಕಬೇಡ ಅಂದ್ರಿ. ಅದು ಮರ್ಯಾದಸ್ಥರ ಹಾಗೆ ಕಣ್ಣು ಮುಚ್ಚಿಕೊಂಡು ಕೂತಿದೆ.” ಆ್ಯಪುಗಳ ಪಟ್ಟಿಯಲ್ಲಿ ಚಾಟನ್ನು ಹುಡುಕಿ, ಅನುಮತಿಗಳು ಎಂಬಲ್ಲಿ ಹೋಗಿ, ಕಾಂಟ್ಯಾಕ್ಟಿಗೆ ಅನುಮತಿ ಕೊಟ್ಟ. “ಈಗ ನೋಡಿ.”

ಟೇಪಕ್ಕ ಕುತ್ತಿಗೆ ಚಾಚಿದಳು. ಒಂದು ನಂಬರು ಇದ್ದಕ್ಕಿದ್ದಂತೆ ‘ಗ್ಯಾಸಿನವರು’ ಆಯಿತು. ಇನ್ನೊಂದು ‘ಚಿಕ್ಕಮ್ಮ ಎರಡನೇ ನಂಬರು’. ಮತ್ತೊಂದು ‘ನಲ್ಲಿ ರಿಪೇರಿ’. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ಕಾದಳು. ನಾಲ್ಕನೆಯದೊಂದು ಬಂತು, ಐದನೆಯದು ಬಂತು, ಅಲ್ಲಿಗೆ ನಿಂತಿತು. ಉಳಿದವೆಲ್ಲ ಮೊದಲಿನ ಹಾಗೇ ಕೈದಿಗಳು.

“ಇವು ನಾನಿಟ್ಟ ಹೆಸರುಗಳೇ ಅಲ್ಲ,” ಎಂದಳು. “ನಲ್ಲಿ ರಿಪೇರಿಯವರನ್ನ ನಾನು ‘ನೀರು ನಿಲ್ಲಿಸಿ ಓಡಿದವರು’ ಅಂತ ಬರೆದಿದ್ದೆ.”

ಅಷ್ಟರಲ್ಲಿ ಫೋನು ರಿಂಗಾಯಿತು. ಪರದೆಯ ಮೇಲೆ ದೊಡ್ಡದಾಗಿ ‘ನಾನೇ’ ಎಂದು ಬಂತು.

ಇಬ್ಬರೂ ಫೋನನ್ನು ನೋಡಿದರು. “ನಾನು ಇಲ್ಲೇ ಕೂತಿದೀನಲ್ಲ,” ಎಂದಳು ಟೇಪಕ್ಕ, ಸಣ್ಣ ದನಿಯಲ್ಲಿ.

“ಎತ್ತಿ. ನೀವೇನು ಹೇಳ್ತೀರಿ ಅಂತ ಕೇಳೋಣ.”

ಎತ್ತಿದಳು. ಆ ಕಡೆಯಿಂದ ಬಂದ ದನಿ ಮೇಜಿನ ಆಚೆಗೂ ಕೇಳುವಷ್ಟು ಇತ್ತು.

“ಏನೇ ಅದು, ಮೈ ಬಂದಿದೆಯಾ ಮರಿ ಅಂತ? ಯಾರಿಗೆ ಕೇಳಿದ್ದು ಆ ಮಾತು? ನಿಮ್ಮಣ್ಣ ಏನಾದ್ರೂ ಹೇಳಿಕೊಟ್ರಾ?”

“ಅಯ್ಯೋ ಅತ್ತಿಗೆ, ನೀವಾ? ಅದು ನಿಮಗೂ ಬಂತಾ? ನಾನು ಯಾರೋ ಹುಡುಗಿ ಅಂದುಕೊಂಡು ಕಳಿಸಿದೆ.”

“ಹುಡುಗಿ ಅಂದುಕೊಂಡೆಯಾ,” ಎಂದ ಅತ್ತಿಗೆಯ ದನಿ ಒಂದು ಮೆಟ್ಟಿಲು ಇಳಿಯಿತು. “ಸರಿ, ಹಾಗಾದ್ರೆ ಇರ್ಲಿ. ಊಟ ಆಯ್ತಾ?”

“ಇಲ್ಲ ಅತ್ತಿಗೆ, ರಿಪೇರಿ ಅಂಗಡೀಲಿದೀನಿ. ಆಮೇಲೆ ಮಾಡ್ತೀನಿ.”

ಫೋನಿಟ್ಟಾಗ ರಿಪೇರಿಯವನು ಆಗಲೇ ಅರ್ಧ ಕತೆಯನ್ನು ತಾನೇ ಕಟ್ಟಿಕೊಂಡಿದ್ದ. “ಈ ಫೋನಿನಲ್ಲಿರೋ ಇಮೇಲ್ ಖಾತೆ ನಿಮ್ಮ ಅತ್ತಿಗೇದು. ಹೌದಾ?”

“ಆರು ವರ್ಷದ ಹಿಂದೆ ಮೊದಲನೇ ಫೋನು ತಗೊಂಡಾಗ ಅದು ಖಾತೆ ಕೇಳ್ತು. ಅತ್ತಿಗೆ ‘ನಂದೇ ಹಾಕ್ಕೋ, ಮನೆಗೊಂದು ಸಾಕು’ ಅಂದ್ರು. ನಿನ್ನೆ ಇದಕ್ಕೂ ಅದನ್ನೇ ಹಾಕಿಸಿದೆ.”

“ಅದಕ್ಕೇ ಚಾಟು ವಾಪಸ್ ಬಂತು. ನಂಬರೂ ಅದೇ, ಖಾತೆಯೂ ಅದೇ. ಆ ಖಾತೇಲಿದ್ದ ಕಾಂಟ್ಯಾಕ್ಟುಗಳೂ ಬಂದವು, ಆದ್ರೆ ಅವೆಲ್ಲ ಅತ್ತಿಗೆ ಬರೆದಿಟ್ಟಿದ್ದು. ಅವರನ್ನ ಅವರು ‘ನಾನೇ’ ಅಂತ ಬರ್ಕೊಂಡಿದಾರೆ, ಪಾಪ. ನಿಮ್ಮ ಹೆಸರುಗಳು ಯಾಕೆ ಬರಲಿಲ್ಲ?” ಕಾಂಟ್ಯಾಕ್ಟ್ ಪಟ್ಟಿಯನ್ನು ಬೆರಳಿನಿಂದ ಕೆಳಗೆ ತಳ್ಳುತ್ತ ಹೋದವನು ಒಂದು ಕಡೆ ನಿಂತ. ಮುಖ ಗಂಭೀರ ಮಾಡಿಕೊಂಡು ಫೋನನ್ನು ಅವಳತ್ತ ತಿರುಗಿಸಿದ. “ಇದು ನಿಮ್ಮ ನಂಬರೇ ತಾನೆ?”

ಟೇಪಕ್ಕನ ನಂಬರಿನ ಮೇಲೆ ಅತ್ತಿಗೆಯ ಖಾತೆ ಇಟ್ಟುಕೊಂಡಿದ್ದ ಹೆಸರು: ‘ಸೂಜಿಮೆಣಸು’.

ಟೇಪಕ್ಕ ಫೋನನ್ನು ಕಣ್ಣಿನ ಹತ್ತಿರ ತಂದು ಇನ್ನೊಮ್ಮೆ ಓದಿದಳು. ಆಮೇಲೆ, “ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು, ಹಿಂದಿನಿಂದ ಹೀಗಾ,” ಎಂದಳು.

“ಹಾಗಾದ್ರೆ ನೀವು ಅವರನ್ನ ಏನಂತ ಬರ್ಕೊಂಡಿದ್ರಿ?”

“ಅದು ಈಗ ಯಾಕೆ?”

“ಕೆಲಸಕ್ಕೆ ಬೇಕು. ಹೇಳಿ.”

“ಕಾಲರ್ ಇನ್ಸ್‌ಪೆಕ್ಟರ್,” ಎಂದಳು ಟೇಪಕ್ಕ, ಕೋಟಿನ ಮಡಿಕೆ ಸರಿಪಡಿಸುತ್ತ. “ಹೊಲಿದ ಪ್ರತಿಯೊಂದು ಕಾಲರಿನಲ್ಲೂ ಅವರಿಗೆ ಒಂದು ಸುಕ್ಕು ಕಾಣುತ್ತೆ. ಅದಕ್ಕೇ ಹಳೇ ಫೋನಿನಲ್ಲಿ ಹೆಸರು ಬರೆಯೋವಾಗೆಲ್ಲ, ಎಲ್ಲಿ ಉಳಿಸ್ಲಿ ಅಂತ ಅದು ಕೇಳಿದ್ರೆ, ಖಾತೇಲಿ ಬೇಡ, ಫೋನಿನಲ್ಲೇ ಅಂತ ಒತ್ತುತಿದ್ದೆ. ಸಿಂಕು ಗಿಂಕು ಏನೋ ಇತ್ತಲ್ಲ, ಅದನ್ನೂ ಆರಿಸಿದ್ದೆ. ಅವರ ಖಾತೆಗೆ ಹೋದ್ರೆ ಅವರ ಫೋನಿನಲ್ಲಿ ಕಾಣಲ್ವಾ? ಅಷ್ಟು ಗೊತ್ತು ನನಗೆ.”

“ಬಹಳ ಚೆನ್ನಾಗಿ ಗೊತ್ತು,” ಎಂದ ರಿಪೇರಿಯವನು. “ಸಾಮಾನ್ಯವಾಗಿ ಜನ ಗೊತ್ತಿಲ್ಲದೆ ಮಾಡೋ ತಪ್ಪನ್ನ ನೀವು ಜಾಣತನದಿಂದ ಮಾಡಿದೀರಿ. ಹೆಸರುಗಳು ಆ ಫೋನು ಬಿಟ್ಟು ಎಲ್ಲಿಗೂ ಹೋಗಿಲ್ಲ. ಹಳೇದು ಎಲ್ಲಿ?”

“ನೂಲುಂಡೆ ಡಬ್ಬದಲ್ಲಿ ಹಾಕಿದೀನಿ. ಸದ್ಯ, ಎಸೆದಿಲ್ಲ.”

ಆಕೆ ಬೀದಿ ದಾಟಿ ಹೋಗಿ ತಂದಳು. ಗಾಜು ಜೇಡರ ಬಲೆಯಂತೆ ಬಿರಿದಿತ್ತು; ಅಂಚಿಗೆ ನೀಲಿ ನೂಲೊಂದು ಸುತ್ತಿಕೊಂಡಿತ್ತು. ಚಾರ್ಜಿಗೆ ಹಾಕಿ ಹತ್ತು ನಿಮಿಷ ಬಿಟ್ಟಾಗ ಬೆಳಕು ಬಂತು. ಬೆರಳಿಟ್ಟರೆ ಮಾತ್ರ ಕಲ್ಲಿನ ಮೇಲೆ ಇಟ್ಟ ಹಾಗೆ.

“ಕಾಣ್ತಿದೆ, ಮುಟ್ಟಿದ್ದು ಗೊತ್ತಾಗ್ತಿಲ್ಲ. ಇದು ಒಳ್ಳೇದೇ. ಕಾಣದೆ ಇದ್ದಿದ್ರೆ ಗಾಜು ಬದಲಾಯಿಸೋ ತನಕ ಕಾಯಬೇಕಿತ್ತು,” ಎಂದು ರಿಪೇರಿಯವನು ಡ್ರಾಯರಿನಿಂದ ಹೆಬ್ಬೆರಳುದ್ದದ ಒಂದು ಕನೆಕ್ಟರನ್ನು ತೆಗೆದು ಫೋನಿನ ಚಾರ್ಜಿಂಗ್ ತೂತಿಗೆ ಚುಚ್ಚಿದ. ಅದರ ಇನ್ನೊಂದು ತುದಿಗೆ ಕಂಪ್ಯೂಟರಿನ ಮೌಸಿನ ತಂತಿ ಸಿಕ್ಕಿಸಿದ. ಒಡೆದ ಗಾಜಿನ ಹಿಂದೆ ಒಂದು ಪುಟ್ಟ ಬಾಣ ಹುಟ್ಟಿ, ಅತ್ತಿತ್ತ ಓಡಾಡಿತು.

“ಇಲಿ ಬಂತು,” ಎಂದಳು ಟೇಪಕ್ಕ, ಬೆರಗಿನಿಂದ.

“ಬೀಗ ನೀವೇ ತೆಗೀರಿ. ಗೆರೆ ಎಳೆಯೋದಾ? ಮೌಸು ಒತ್ತಿ ಹಿಡ್ಕೊಂಡು ಎಳೀರಿ. ನಾನು ಗೋಡೆ ನೋಡ್ತೀನಿ.”

ಟೇಪಕ್ಕ ನಾಲಗೆ ತುದಿ ಕಚ್ಚಿಕೊಂಡು ಮೌಸು ಹಿಡಿದಳು. ಮೊದಲನೇ ಸಲ ಬಾಣ ಎಲ್ಲೋ ಹೋಯಿತು. ಎರಡನೇ ಸಲವೂ ತಪ್ಪಿತು. “ಚಾಕ್ ಹಿಡಿದ ಹಾಗೆ ಹಿಡೀರಿ,” ಎಂದ ಗೋಡೆಯ ಕಡೆ ತಿರುಗಿದ್ದವನು. ಮೂರನೆಯ ಸಲಕ್ಕೆ ಬೀಗ ತೆರೆಯಿತು.

ಕಾಂಟ್ಯಾಕ್ಟ್ ಪಟ್ಟಿಯ ಸೆಟ್ಟಿಂಗಿಗೆ ಹೋಗಿ, ಎಕ್ಸ್‌ಪೋರ್ಟ್ ಎಂಬಲ್ಲಿ ಒತ್ತಿದ. ಯಾವ ಕಡೆಯ ಹೆಸರುಗಳು ಎಂದು ಅದು ಕೇಳಿತು. ಖಾತೆಯ ಎದುರು ಸೊನ್ನೆ. ಫೋನು ಎಂಬುದರ ಎದುರು ಇನ್ನೂರ ಹನ್ನೆರಡು. ಫೋನನ್ನು ಆರಿಸಿದ. ಇನ್ನೂರ ಹನ್ನೆರಡು ಹೆಸರುಗಳೂ ಕೂಡಿ ಒಂದೇ ಒಂದು ಫೈಲ್ ಆದವು.

“ಇದು ನಿಮ್ಮ ಹಳೇ ಅಳತೆ ಪುಸ್ತಕದ ಹಾಗೆ. ಇದನ್ನ ಯಾವ ಫೋನಿಗೆ ಕೊಟ್ರೂ ಓದ್ಕೊಳ್ಳುತ್ತೆ. ಎಲ್ಲ ಸರಿ ಬಂದಿದೆಯಾ ಅಂತ ನಾಲ್ಕು ಹೆಸರು ನೋಡಿಬಿಡ್ತೀನಿ.”

“ಬೇಡ. ಬಂದಿರುತ್ತೆ.”

“ನೋಡದೆ ಹೇಗೆ?” ಅವನು ಆಗಲೇ ಓದುತ್ತಿದ್ದ. “ಎಡಭುಜ ಇಳಿದವರು. ಜೇಬು ಬೇಕೇ ಬೇಕು. ಉಸಿರು ಹಿಡಿಯುವವರು. ಇದು ಯಾರು?”

“ಬ್ಯಾಂಕ್ ಮ್ಯಾನೇಜರು. ಟೇಪು ಸೊಂಟಕ್ಕೆ ಬಂದ ಕೂಡಲೆ ಉಸಿರು ಒಳಗೆ ಎಳ್ಕೊಂಡು ನಿಂತುಬಿಡ್ತಾರೆ. ಹೊಲಿದ ಮೇಲೆ ಬಿಗಿ ಆಯ್ತು ಅಂತಾರೆ. ಸಾಕು, ಮುಂದೆ ಓದಬೇಡಿ.”

“ತೂಕ ಇಳಿಸ್ತೀನಿ ಮೇಡಂ. ಅರ್ಧ ಇಂಚು ಜಗಳ.” ಅವನು ನಿಂತ. “‘ನಾಳೆ ಬನ್ನಿ’. ಇದು ನನ್ನ ನಂಬರಲ್ವಾ?”

ಟೇಪಕ್ಕ ಕೊರಳ ಟೇಪನ್ನು ಸುತ್ತತೊಡಗಿದಳು. “ಮತ್ತೇನು? ಒಂದು ಬ್ಯಾಟರಿ ಹಾಕೋಕೆ ಮೂರು ದಿನ ನಾಳೆ ಬನ್ನಿ ಅಂದ್ರಿ.”

“ಹೊಲಿಗೆಯವರು ಈ ಮಾತು ಆಡ್ತಿದಾರೆ. ನನ್ನ ಪ್ಯಾಂಟು ನಿಮ್ಮ ಹತ್ರ ಬಂದು ಎಷ್ಟು ದಿನ ಆಯ್ತು?”

“ಅದಕ್ಕೆ ಮೊದಲು ಫೋನು.”

“ಮೊದಲು ಫೋನು,” ಎಂದು ಅವನು ಒಪ್ಪಿಕೊಂಡ. ಬ್ಲೂಟೂತಿನಲ್ಲಿ ಎರಡೂ ಫೋನುಗಳಿಗೆ ಪರಿಚಯ ಮಾಡಿಸಿದ. ಫೈಲ್ ಹಳೆಯದರಿಂದ ಹೊರಟು ಹೊಸದರಲ್ಲಿ ಇಳಿಯಿತು. ಅದನ್ನು ಒತ್ತಿದ ಕೂಡಲೆ, ಇವನ್ನೆಲ್ಲ ಎಲ್ಲಿ ಉಳಿಸಲಿ ಎಂದು ಹೊಸ ಫೋನು ಕೇಳಿತು. ಮೇಲುಗಡೆ ಅತ್ತಿಗೆಯ ಖಾತೆ, ಕೆಳಗಡೆ ‘ಫೋನು’. ಅವನ ಬೆರಳು ಅಭ್ಯಾಸಬಲದಿಂದ ಮೇಲಿನದರ ಕಡೆ ಹೋಯಿತು.

ಟೇಪಕ್ಕ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. “ಮೇಲೆ ಒತ್ತಿದ್ರೆ ನಾನು ಇವತ್ತು ಸಂಜೆ ಮನೆಗೆ ಹೋಗೋ ಹಾಗಿಲ್ಲ.”

“ಕೆಳಗೆ ಒತ್ತಿದ್ರೆ ಇನ್ನೊಂದು ಸಲ ಕುರ್ಚಿ ಹಿಂದಕ್ಕೆ ಎಳೆದಾಗ ಮತ್ತೆ ಇಲ್ಲೇ ಬಂದು ಕೂರ್ತೀರಿ.”

“ಹಾಗಾದ್ರೆ?”

“ನಿಮಗೇ ಒಂದು ಖಾತೆ ಮಾಡೋಣ. ಐದು ನಿಮಿಷ. ಮನೆಗೊಂದು ಸಾಲದು, ತಲೆಗೊಂದು ಬೇಕು.”

ಗಂಟೆ ಒಂದೂ ಇಪ್ಪತ್ತೈದು. ಟೇಪಕ್ಕ ಕೋಟನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ, “ಮಾಡಿ, ಬೇಗ” ಎಂದಳು. ಹೆಸರು ಬರೆದರು, ಹುಟ್ಟಿದ ವರ್ಷ ಬರೆಯುವಾಗ ಆಕೆ ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು, ಮೆಸೇಜಿನಲ್ಲಿ ಬಂದ ಆರು ಅಂಕಿಗಳನ್ನು ಓದಿ ಹೇಳಿದಳು. ಪಾಸ್‌ವರ್ಡನ್ನು ಫೋನಿನಲ್ಲಿ ಬರೆದಿಡಬೇಡಿ ಎಂದದ್ದಕ್ಕೆ ಬಿಲ್ಲಿನ ಹಿಂದೆ ಬರೆದು ರವಿಕೆಯೊಳಗೆ ಸೇರಿಸಿದಳು. ಮತ್ತೆ ಫೈಲನ್ನು ಒತ್ತಿದಾಗ ಈ ಸಲ ಮೂರು ಜಾಗ ತೋರಿಸಿತು. ಟೇಪಕ್ಕ ತಾನೇ ಬೆರಳಿಟ್ಟು ತನ್ನ ಖಾತೆಯನ್ನು ಒತ್ತಿದಳು. ರಿಪೇರಿಯವನು ಸಿಂಕ್ ಆನ್ ಆಗಿದೆಯೇ ನೋಡಿದ, ಮುಂದೆ ಹೊಸ ಹೆಸರು ಬರೆದರೂ ಇದೇ ಖಾತೆಗೆ ಹೋಗುವಂತೆ ಮಾಡಿದ, ಚಾಟಿನ ಬ್ಯಾಕಪ್ಪನ್ನೂ ಇದಕ್ಕೇ ತಿರುಗಿಸಿದ.

“ಅತ್ತಿಗೆ ಖಾತೇನ ಈ ಫೋನಿಂದ ಆಮೇಲೆ ತೆಗೆದುಬಿಡ್ತೀನಿ. ಅವರ ಫೋನಿನಲ್ಲಿ ಅವರದ್ದು ಹಾಗೇ ಇರುತ್ತೆ. ಹೊಸ ಖಾತೆಗೆ ಬ್ಯಾಕಪ್ಪು ಒಂದು ಸಲ ಪೂರ್ತಿ ಆಗ್ಲಿ, ಅಲ್ಲಿ ತನಕ ಅವಸರ ಬೇಡ.”

“ಸೂಜಿಮೆಣಸೂ ಅವರ ಹತ್ರ ಹಾಗೇ ಇರುತ್ತಾ?”

“ಇರುತ್ತೆ. ಬೇಕಾದ್ರೆ ಜಗಳ ಆಡಿ ತೆಗೆಸಬಹುದು. ಆಗ ಇನ್ಸ್‌ಪೆಕ್ಟರ ವಿಷಯವೂ ಬರುತ್ತೆ.”

“ಇರ್ಲಿ ಬಿಡಿ. ಮೆಣಸು ಅಡುಗೆಗೆ ಬೇಕಾಗುತ್ತೆ.”

ಚಾಟು ತೆಗೆದು ಪಟ್ಟಿಯನ್ನು ಒಮ್ಮೆ ರಿಫ್ರೆಶ್ ಮಾಡಿದ. ಎರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೈದಿಗಳು ಒಬ್ಬೊಬ್ಬರಾಗಿ ಮನುಷ್ಯರಾಗತೊಡಗಿದರು. ಜೇಬು ಬೇಕೇ ಬೇಕು ಬಂದರು, ಎಡಭುಜ ಇಳಿದವರು ಬಂದರು, ನೀರು ನಿಲ್ಲಿಸಿ ಓಡಿದವರೂ ಬಂದರು. ಸಂತೆಯಲ್ಲಿ ಕಳೆದುಹೋದ ಬಂಧುಗಳು ಸಿಕ್ಕಂತೆ ಟೇಪಕ್ಕ ಒಬ್ಬೊಬ್ಬರನ್ನೂ “ಓ, ಇವರು” “ಓ, ಇವರೂ” ಎಂದು ಬರಮಾಡಿಕೊಂಡಳು. ಬೆರಳು ಕೆಳಗೆ, ಇನ್ನೂ ಕೆಳಗೆ, ಎಂಟು ತಿಂಗಳ ಹಿಂದಕ್ಕೆ ಹೋಯಿತು.

‘ಓಡುವ ಹುಡುಗಿ’.

ಒತ್ತಿದಳು. ಅಂಕಿಗಳು ಒಂದರ ಕೆಳಗೊಂದು ನಿಂತಿದ್ದವು. ಭುಜ ಹದಿನೈದು. ಎದೆ ಮೂವತ್ತನಾಲ್ಕು. ಸೊಂಟ ಇಪ್ಪತ್ತೊಂಬತ್ತು. ತೋಳಿನ ಜಾಗದಲ್ಲಿ ಮಾತ್ರ ಎರಡು ಅಂಕಿ: ಬಲ ಇಪ್ಪತ್ಮೂರು, ಎಡ ಇಪ್ಪತ್ತೆರಡು ಕಾಲು. ಅದರ ಕೆಳಗೆ ಹೆಬ್ಬೆರಳು.

ಟೇಪಕ್ಕ ಆ ಎರಡು ಅಂಕಿಗಳ ಕೆಳಗೆ ಬೆರಳಿಟ್ಟಳು. “ಮುಕ್ಕಾಲು ಇಂಚು,” ಎಂದಳು. “ಚಿಕ್ಕವಳಿದ್ದಾಗ ಎಡಗೈ ಮುರಿದಿತ್ತಂತೆ. ಅಳತೆ ತೆಗೆಯೋವಾಗ ಹೇಳಿದ್ದಳು. ಇದು ಇವಳದು ಅಂತ ನನಗೆ ಮರೆತೇ ಹೋಗಿತ್ತು. ಕಣ್ಣಳತೆಯಲ್ಲಿ ಹೊಲಿದಿದ್ರೆ ಎರಡೂ ತೋಳು ಇಪ್ಪತ್ತೆರಡೂವರೆ ಇಂಚಿಗೆ ಕತ್ತರಿಸ್ತಿದ್ದೆ. ಬಲಗೈ ಎತ್ತಿ ಪ್ರಮಾಣ ಮಾಡೋವಾಗ ತೋಳು ಮಣಿಕಟ್ಟು ಬಿಟ್ಟು ಮೇಲೆ ಹೋಗ್ತಿತ್ತು. ಅಪ್ಪನ ಮುಂದೆ.”

ರಿಪೇರಿಯವನು ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು, “ಎರಡಕ್ಕೆ ಹತ್ತು ನಿಮಿಷ ಇದೆ. ಹೋಗಿ,” ಎಂದ. ಆಕೆ ಬಾಗಿಲು ದಾಟುವಾಗ ಮಾತ್ರ, “ಆ ಅಂಕಿಗಳನ್ನ ಒಂದು ಕಾಗದದ ಮೇಲೂ ಬರ್ಕೊಳ್ಳಿ, ಪುಣ್ಯ ಬರುತ್ತೆ,” ಎಂದು ಸೇರಿಸಿದ.

ಬರೆದುಕೊಂಡಳು. ಹೊಲಿಗೆ ಬಿಚ್ಚಿ, ಅಸ್ತರಿ ಬೇರೆ ಮಾಡಿ, ತೋಳುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿ, ಚಾಕಿನ ಗೆರೆಯನ್ನು ಮೂರು ಸಲ ಅಳೆದು, ಕತ್ತರಿ ಹಾಕಿದಳು. ಸಂಜೆ ಅತ್ತಿಗೆ ಊಟದ ಡಬ್ಬಿ ಹಿಡಿದು ತಾವೇ ಅಂಗಡಿಗೆ ಬಂದರು. ಮೇಜಿನ ಮೇಲಿದ್ದ ಕೋಟನ್ನು ಎತ್ತಿ ದೀಪಕ್ಕೆ ಹಿಡಿದರು. “ಕಾಲರು ಎಡಗಡೆ ಸ್ವಲ್ಪ ಏಳುತ್ತಲ್ಲೇ,” ಎಂದರು. ಟೇಪಕ್ಕ ಬಗ್ಗಿ ನೋಡಿದಳು. ಏಳುತ್ತಿತ್ತು. ಬಿಚ್ಚಿ ಮತ್ತೆ ಹೊಲಿದಳು.

ಬೆಳಗ್ಗೆ ಎಂಟಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಹುಡುಗಿ ಬಂದಳು. ಹಿಂದೆ ನಿಧಾನವಾಗಿ ಕೋಲೂರಿಕೊಂಡು ಅವಳ ಅಪ್ಪ. ಟೇಪಕ್ಕ ಸ್ಟೂಲು ಎಳೆದು ಕೂರಿಸಿದಳು. ಹುಡುಗಿ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಳು.

“ಬಲಗೈ ಎತ್ತು ಮರಿ,” ಎಂದಳು ಟೇಪಕ್ಕ.

ಎತ್ತಿದಳು. ತೋಳು ಮಣಿಕಟ್ಟಿನ ಮೂಳೆಯ ಹತ್ತಿರ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಇಳಿಸಿದ ಮೇಲೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ನೋಡಿಕೊಂಡಳು. ಎರಡೂ ಒಂದೇ ಸಮ ಕಾಣುತ್ತಿದ್ದವು.

“ನನ್ನ ಮೈ ಮೇಲೆ ಇದು ಯಾವತ್ತೂ ಹೀಗೆ ಕೂತಿರಲಿಲ್ಲ,” ಎಂದರು ಅಪ್ಪ. “ನಾನು ಇದರೊಳಗೆ ಬಾಡಿಗೆಗೆ ಇದ್ದೆ ಅಂತ ಕಾಣುತ್ತೆ.”

“ಅಪ್ಪ, ಹೊತ್ತಾಯ್ತು.”

“ನಡಿ, ಆಟೋ ಹಿಡಿ. ಬಂದೆ.” ಹುಡುಗಿ ಹೊರಗೆ ಹೋದ ಮೇಲೆ ಅವರು ಟೇಪಕ್ಕನ ಕಡೆ ತಿರುಗಿದರು. “ನನ್ನ ನಂಬರು ಬರ್ಕೊಳ್ಳಮ್ಮ. ನನಗೂ ಒಂದು ಜೊತೆ ಪ್ಯಾಂಟು ಹೊಲಿಸೋದಿದೆ.”

ಟೇಪಕ್ಕ ಹೊಸ ಫೋನು ತೆಗೆದು ಅಂಕಿಗಳನ್ನು ಒತ್ತಿಕೊಂಡಳು. ಯಾವ ಖಾತೆ ಎಂದು ಎರಡು ಸಲ ನೋಡಿದಳು. “ಹೆಸರು ಏನಂತ ಹಾಕ್ಲಿ?”

“ನನ್ನ ಮಗಳನ್ನ ಏನಂತ ಹಾಕಿದೀರಿ?”

“ಅದು ಬೇಡ ಬಿಡಿ ಸ್ವಾಮಿ,” ಎಂದಳು ಟೇಪಕ್ಕ, ಫೋನಿನಿಂದ ತಲೆಯೆತ್ತದೆ.

ಅವರು ನಗುತ್ತ ಎದ್ದರು. ಎದ್ದವರು ಹೊರಡದೆ, ಕೋಲನ್ನು ಮೇಜಿಗೆ ಒರಗಿಸಿ, ನೋಯುವ ಮೊಣಕಾಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಗ್ಗಿ, ಯಂತ್ರದ ಕೆಳಗೆ ಬಿದ್ದಿದ್ದ ತೋಳಿನ ಕರಿಯ ಚೂರುಗಳಲ್ಲಿ ಒಂದನ್ನು ಎತ್ತಿ, ಧೂಳು ಕೊಡವಿ, ಅಂಗಿಯ ಜೇಬಿಗೆ ಹಾಕಿಕೊಂಡರು.